ಫೋಟೋ ನೋಡಿ ಇಳಕಲ್ ಸೀರೆಯ ವಿವರ ಬರೆಯೋದು ಹೇಗೆ?

ಕಳೆದ ದೀಪಾವಳಿಗೆ ನಮ್ಮ ಸಂಘದಿಂದ ಇಳಕಲ್ ಸೀರೆ ಮಾರಿದೆವು. ಊರಿಂದ ವಾಟ್ಸಾಪಲ್ಲಿ ಫೋಟೋಗಳು ಬಂದವು, ಕ್ಯಾಟಲಾಗಿನ ವಿವರ ನಾವೇ ಬರೆದೆವು. ಒಂದು ಸೀರೆಗೆ 'ಹಸಿರು ರೇಷ್ಮೆ ಸೀರೆ, ಸೆರಗಿಗೆ ಕಸೂತಿ' ಅಂತ ಬರೆದಿದ್ದೆವು. ಕೊಂಡವರು ವಾಪಸ್ ತಂದರು. ನೇಕಾರರಿಗೆ ಫೋನ್ ಮಾಡಿದಾಗ ಅವರು ಹೇಳಿದ್ದು: "ಒಡಲು ಹತ್ತಿ, ಸೆರಗಷ್ಟೇ ರೇಷ್ಮಿ ಅದವ್ವಾ. ಕಸೂತಿ ಅಲ್ಲ ಅದು, ಮಗ್ಗದಾಗ ನೇಯ್ದದ್ದು." ತಪ್ಪು ನಮ್ಮದು, ಮಾತು ಕೇಳಿದ್ದು ಅವರು. ಅದೇ ಸೀರೆಯನ್ನು ಮತ್ತೆ ನೋಡೋಣ.

ಮೊದಲು ನೇಯ್ಗೆ. ಇಳಕಲ್‌ನಲ್ಲಿ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸ್ತಾರೆ. ಆದ್ದರಿಂದ ಒಡಲೂ ಸೆರಗೂ ಕೂಡುವ ಜಾಗದ ಫೋಟೋವನ್ನು ದೊಡ್ಡದು ಮಾಡಿ ನೋಡಬೇಕು. ನಮ್ಮ ಸೀರೆಯಲ್ಲಿ ಉದ್ದಕ್ಕೆ ಬಂದ ಕಪ್ಪು ಎಳೆ ಅಲ್ಲಿ ನಿಂತು ಕೆಂಪು ಎಳೆ ಶುರುವಾಗಿತ್ತು. ಹಾಸೂ ಹೊಕ್ಕೂ ಎರಡೂ ಕೆಂಪಾದ್ದರಿಂದ ಸೆರಗು ಗಾಢ ಕೆಂಪು. ಒಡಲಿನ ಎಳೆಯೇ ಸೆರಗಿನೊಳಕ್ಕೂ ಮುಂದುವರಿದಿದ್ದರೆ ಅದು ಕೊಂಡಿಯ ಸೆರಗಲ್ಲ.

ಬಣ್ಣ ನಮಗೆ ಮೋಸ ಮಾಡಿತ್ತು. ಒಂದು ಫೋಟೋದಲ್ಲಿ ಗಿಳಿ ಹಸಿರು, ಇನ್ನೊಂದರಲ್ಲಿ ಕರಿ ಹಸಿರು. ಹಾಸು ಕಪ್ಪು, ಹೊಕ್ಕು ಹಸಿರು ಆದ್ದರಿಂದ ಬೆಳಕು ಬಿದ್ದ ಹಾಗೆ ಬದಲಾಗ್ತಿತ್ತು. ಇಂಥಲ್ಲಿ ಎರಡೂ ಎಳೆಯ ಬಣ್ಣ ಬರೀರಿ. ಸೀರೆ ಪಕ್ಕ ಬಿಳಿ ಹಾಳೆ ಇಟ್ಟು, ಹಗಲು ಬೆಳಕಲ್ಲಿ ಫೋಟೋ ತೆಗೆಸಿ. ಹಾಳೆ ಹಳದಿಯಾಗಿ ಕಂಡರೆ ಸೀರೆಯ ಬಣ್ಣವೂ ಸರಿಯಿಲ್ಲ ಅಂತ ಅರ್ಥ.

ಇನ್ನು ಚಿತ್ತಾರ. ಕೆಂಪು ಸೆರಗಿನ ಮೇಲಿನ ಬಿಳಿ ಹಲ್ಲುಗಳ ಸಾಲಿಗೆ ಹಣಿಗೆ ಅಂತಾರೆ. ಅಂದ್ರೆ ಬಾಚಣಿಗೆ. ಅದು ನೇಯ್ಗೆಯಲ್ಲೇ ಬರುತ್ತೆ. ಕಸೂತಿಯನ್ನು ನೇಯ್ದ ಮೇಲೆ ಸೂಜಿಯಿಂದ ಹಾಕ್ತಾರೆ, ಗೋಪುರ, ತೇರು, ಆನೆ ಅದರಲ್ಲಿ ಸಾಮಾನ್ಯ. ಸಂಶಯ ಬಂದರೆ ಹತ್ತಿರದ ಫೋಟೋದಲ್ಲಿ ಸೂಜಿ ಹೊಕ್ಕ ತೂತು ಹುಡುಕಿ. ದಡಿಯ ಹೆಸರು ಗೋಮಿಯೋ ಪರಾಸಪೇಟಿಯೋ ಅಂತ ಗೊತ್ತಾಗದಿದ್ದರೆ ಬಣ್ಣ ಮತ್ತು ಅಗಲ ಮಾತ್ರ ಬರೀರಿ. ಅಗಲಕ್ಕೆ ಸ್ಕೇಲ್ ಇಟ್ಟ ಫೋಟೋ ಬೇಕು.

ನೂಲು ಹತ್ತಿಯೋ, ರೇಷ್ಮೆಯೋ, ಕೃತಕ ರೇಷ್ಮೆಯೋ ಅನ್ನೋದು ಫೋಟೋದಲ್ಲಿ ತಿಳಿಯಲ್ಲ, ಎಲ್ಲಕ್ಕೂ ಹೊಳಪು ಬರಬಹುದು. ಸೀರೆಯ ಉದ್ದವೂ ಅಷ್ಟೇ. ಇವೆರಡನ್ನೂ ನೇಕಾರರನ್ನೇ ಕೇಳಿ.

ಕೊನೆಗೆ ನಾವು ಹೀಗೆ ಬರೆದೆವು: 'ಇಳಕಲ್ ಕೈಮಗ್ಗದ ಸೀರೆ. ಒಡಲು ಹತ್ತಿ, ಕಪ್ಪು ಹಾಸಿಗೆ ಹಸಿರು ಹೊಕ್ಕು, ಬೆಳಕಿಗೆ ತಕ್ಕಂತೆ ಬಣ್ಣ ಬದಲಾಗುತ್ತದೆ. ದಡಿ ಕಡುಗೆಂಪು, 4 ಇಂಚು. ಕೊಂಡಿ ಹಾಕಿ ನೇಯ್ದ ಕೆಂಪು ರೇಷ್ಮೆ ಸೆರಗು, ಬಿಳಿ ಹಣಿಗೆ ಸಾಲು. ಕಸೂತಿ ಇಲ್ಲ. ನೂಲಿನ ವಿವರ ನೇಕಾರರು ತಿಳಿಸಿದ್ದು.'

ಅದೇ ಸೀರೆ ಮರುವಾರ ಮಾರಾಟವಾಯಿತು. ವಾಪಸ್ ಬರಲಿಲ್ಲ.