ಮೂವತ್ತೆರಡು ಆಗಬೇಕಿತ್ತು

ಅಕ್ಕನ ಮಗಳು ಗಣಿತದ ಪದವಿಗೆ ಸೇರಲು ಪ್ರವೇಶ ಪರೀಕ್ಷೆ ಬರೆದು ಬಂದ ಸಂಜೆ ಕೈಯಲ್ಲಿ ಹಿಡಿದಿದ್ದು ರಫ್ ಕೆಲಸದ ಒಂದು ಹಾಳೆ. ತುಂಬ ವೃತ್ತಗಳು, ಗೆರೆಗಳು, ಒಂದು ಕಡೆ 32 ಅಂತ ಬರೆದು ಹೊಡೆದು ಹಾಕಿದ ಗುರುತು.

ಪ್ರಶ್ನೆ ಇಷ್ಟು: ವೃತ್ತದ ಅಂಚಿನ ಮೇಲೆ 8 ಬಿಂದುಗಳಿವೆ. ಪ್ರತಿಯೊಂದನ್ನೂ ಉಳಿದೆಲ್ಲದಕ್ಕೂ ನೇರ ಗೆರೆಯಿಂದ ಸೇರಿಸಿದರೆ ವೃತ್ತ ಎಷ್ಟು ತುಂಡಾಗುತ್ತದೆ? ಒಳಗೆ ಎಲ್ಲೂ ಮೂರು ಗೆರೆ ಒಂದೇ ಕಡೆ ಸೇರಬಾರದು.

"ಓದಿದ ತಕ್ಷಣ ತಲೆ ಖಾಲಿ ಆಯ್ತು ಮಾವ. ಸೂತ್ರ ಇದೆ ಅಂತ ಗೊತ್ತು, ಯಾವುದು ಅಂತ ಗೊತ್ತಿಲ್ಲ. ಪಕ್ಕದವನು ಪುಟ ತಿರುಗಿಸೋ ಸದ್ದಷ್ಟೇ ಕೇಳ್ತಿತ್ತು."

ಓದಿದ್ದು ಅಳಿಸಿಹೋಗಿರಲಿಲ್ಲ. ಲೆಕ್ಕ ಮಾಡುವಾಗ ನಾವು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಜಾಗ ತೀರಾ ಚಿಕ್ಕದು; ಮನೋವಿಜ್ಞಾನಿಗಳು ಅದನ್ನು ಕಾರ್ಯಸ್ಮೃತಿ ಎನ್ನುತ್ತಾರೆ. ಷಿಕಾಗೊ ವಿಶ್ವವಿದ್ಯಾಲಯದಲ್ಲಿದ್ದಾಗ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳಲ್ಲಿ ಕಂಡದ್ದೇನೆಂದರೆ, ಫೇಲಾದರೆ ಏನು ಗತಿ ಎಂಬ ಚಿಂತೆಯೂ ಅದೇ ಜಾಗದಲ್ಲಿ ಬಂದು ಕೂರುತ್ತದೆ. ಹಾಗಾಗಿ ಒಂದೇ ಸಲ ಹಲವು ಸಂಗತಿ ಹಿಡಿದಿಡಬೇಕಾದ ಲೆಕ್ಕಗಳೇ ಹೆಚ್ಚು ಕೈಕೊಡುತ್ತವೆ. ಎಂಟು ಬಿಂದು, ಇಪ್ಪತ್ತೆಂಟು ಗೆರೆಗೆ ಅಲ್ಲಿ ಜಾಗವೆಲ್ಲಿ? ಎರಡು ಬಿಂದು, ಒಂದು ಗೆರೆಗಾದರೆ ಇದೆ.

ಅವಳು ಮಾಡಿದ್ದೂ ಅದನ್ನೇ. ಒಂದು ಬಿಂದು ಇಟ್ಟಳು, ಗೆರೆಯೇ ಇಲ್ಲ, ತುಂಡು 1. ಎರಡಿಟ್ಟರೆ 2, ಮೂರಿಟ್ಟರೆ 4, ನಾಲ್ಕಿಟ್ಟರೆ 8. ಐದು ಬಿಂದುವಿನ ಚಿತ್ರವನ್ನು ಪೆನ್ಸಿಲ್ ಮೊನೆಯಿಂದ ಮುಟ್ಟಿ ಮುಟ್ಟಿ ಎಣಿಸಿದಳು: 16. ಪ್ರತಿ ಸಲವೂ ದುಪ್ಪಟ್ಟು! ಆರಕ್ಕೆ 32, ಏಳಕ್ಕೆ 64, ಎಂಟಕ್ಕೆ 128. ಉತ್ತರಪತ್ರಿಕೆಯಲ್ಲಿ 128 ಬರೆದೇಬಿಡುವವಳಿದ್ದಳು. ಆದರೆ ಯಾಕೆ ದುಪ್ಪಟ್ಟು ಎನ್ನುವುದಕ್ಕೆ ಅವಳ ಹತ್ತಿರ ಕಾರಣವಿರಲಿಲ್ಲ. ಇನ್ನೊಂದು ಚಿತ್ರ ಬರೆದು ನೋಡೋಣ ಎಂದು ಕೈವಾರ ತೆಗೆದು, ತ್ರಿಜ್ಯದಷ್ಟೇ ಅಗಲಿಸಿ, ವೃತ್ತದ ಸುತ್ತ ಆರು ಗುರುತು ಹಾಕಿದಳು.

ಎಣಿಸಿದರೆ 30.

ಮತ್ತೆ ಎಣಿಸಿದರೂ 30. ಆಮೇಲೆ ಕಣ್ಣಿಗೆ ಬಿತ್ತು: ಕೈವಾರದ ಅಚ್ಚುಕಟ್ಟಿನಿಂದಾಗಿ ಮೂರು ಉದ್ದ ಗೆರೆಗಳು ನಡುವೆ ಒಂದೇ ಕಡೆ ಸೇರಿದ್ದವು. ಪ್ರಶ್ನೆಯ ಕೊನೆಯ ವಾಕ್ಯ ಬೇಡವೆಂದದ್ದು ಇದನ್ನೇ. ಗಾಬರಿಯಲ್ಲಿ ಅದನ್ನು ಓದಿರಲೇ ಇಲ್ಲ. ಒಂದು ಬಿಂದುವನ್ನು ಚೂರು ಸರಿಸಿ ಬರೆದಾಗ ನಡುವೆ ಪುಟ್ಟ ತ್ರಿಕೋನವೊಂದು ತೆರೆದುಕೊಂಡಿತು. ಈಗ 31. ಮೂವತ್ತೆರಡಂತೂ ಇಲ್ಲ. ಕೆನಡಾದ ಗಣಿತಜ್ಞ ಲಿಯೊ ಮೋಸರ್ ಹೆಸರಿನಲ್ಲಿ ಈ ಲೆಕ್ಕ ಪ್ರಸಿದ್ಧ. ಕನ್ನಡದ ಕಿವಿಗೆ ಆ ಹೆಸರು ಎಷ್ಟು ಸರಿಯಾಗಿದೆ ನೋಡಿ.

ಇಲ್ಲಿ ಅವಳು ಮುಂದಕ್ಕೆ ಹೋಗಲಿಲ್ಲ, ನಾಲ್ಕು ಬಿಂದುವಿಗೆ ವಾಪಸು ಬಂದಳು. ಈ ಸಲ ತುಂಡು ಎಣಿಸುವುದನ್ನು ಬಿಟ್ಟು, ಗೆರೆಗಳನ್ನು ಒಂದೊಂದಾಗಿ ಎಳೆಯುತ್ತ ತುಂಡು ಹೆಚ್ಚುವುದು ಯಾವಾಗ ಎಂದು ಗಮನಿಸಿದಳು. ಹೊಸ ಗೆರೆ ಹೊರಟ ತುಂಡನ್ನು ಎರಡು ಮಾಡುತ್ತದೆ, ಅಲ್ಲಿಗೆ ಒಂದು ಹೆಚ್ಚು. ದಾರಿಯಲ್ಲಿ ಹಳೆಯ ಗೆರೆಯನ್ನು ದಾಟಿದರೆ ಮುಂದಿನ ತುಂಡಿಗೆ ಕಾಲಿಟ್ಟು ಅದನ್ನೂ ಸೀಳುತ್ತದೆ, ಇನ್ನೊಂದು ಹೆಚ್ಚು. ಅಂದರೆ ಮೊದಲಿದ್ದ 1, ಗೆರೆಗೊಂದು, ದಾಟಿಗೊಂದು. ನಾಲ್ಕು ಬಿಂದುವಿಗೆ 1+6+1 = 8. ಐದಕ್ಕೆ 1+10+5 = 16. ಆರಕ್ಕೆ 1+15+15 = 31. ಮೂರು ಗೆರೆ ಒಂದೇ ಕಡೆ ಸೇರಿದಾಗ ತುಂಡು ಕಳೆದುಹೋದದ್ದು ಯಾಕೆಂದೂ ಇದರಿಂದ ತಿಳಿಯಿತು: ಮೂರನೆಯ ಗೆರೆ ಎರಡು ಹಳೆಯ ಗೆರೆಗಳನ್ನು ಒಂದೇ ಹೆಜ್ಜೆಯಲ್ಲಿ ದಾಟಿಬಿಡುತ್ತದೆ.

ಎಂಟು ಬಿಂದುವಿಗೆ ದಾಟುಗಳನ್ನು ಎಣಿಸುವುದು ಹೇಗೆ? ಉತ್ತರ ನಾಲ್ಕು ಬಿಂದುವಿನ ಚಿತ್ರದಲ್ಲೇ ಇತ್ತು. ನಾಲ್ಕು ಬಿಂದುಗಳಿಂದಾಗುವ ಚತುರ್ಭುಜದ ಎರಡು ಕರ್ಣಗಳು ಒಮ್ಮೆ ಮಾತ್ರ ಅಡ್ಡಹಾಯುತ್ತವೆ. ಹಾಗಾಗಿ ಯಾವ ನಾಲ್ಕನ್ನು ಆರಿಸಿದರೂ ಒಂದು ದಾಟು. ಎಂಟರಲ್ಲಿ ನಾಲ್ಕನ್ನು ಆರಿಸುವ ಬಗೆಗಳು 8×7×6×5 ÷ 24, ಅಂದರೆ 70. ಗೆರೆಗಳು 28. ಒಟ್ಟು 1+28+70 = 99.

"ಇಪ್ಪತ್ತು ನಿಮಿಷ ತಿಂತು ಮಾವ, ಕೊನೆ ಪ್ರಶ್ನೆ ಮುಟ್ಟೋಕೇ ಆಗ್ಲಿಲ್ಲ" ಎಂದಳು.

ಊಟ ಮುಗಿದ ಮೇಲೂ ಹಾಳೆ ಬಿಡಲಿಲ್ಲ. ಒಂಬತ್ತು ಬಿಂದುವಿಗೆ 163 ಬಂತು. ಹತ್ತಕ್ಕೆ 1+45+210. ಕೂಡಿಸಿ ನೋಡಿ ಕಣ್ಣರಳಿಸಿದಳು: 256. ಮತ್ತೆ ಆ ದುಪ್ಪಟ್ಟಿನ ಸಾಲಿನದೇ ಸಂಖ್ಯೆ, ಆದರೆ ಆ ಸಾಲಿನ ಪ್ರಕಾರ ಹತ್ತನೆಯ ಜಾಗದಲ್ಲಿ 512 ಇರಬೇಕಿತ್ತು.