ಎರಡು ಸಾಲಿನ ಸರ್ಟಿಫಿಕೇಟು ಕೆನಡಾಕ್ಕೆ ಸಾಲದು

ಹೋಟೆಲ್ ಬಿಡುವ ಅಡುಗೆಯವರಿಗೆ ಎಚ್‌ಆರ್ ವಿಭಾಗ ಸಾಮಾನ್ಯವಾಗಿ ಕೊಡುವುದು ಎರಡು ಕಾಗದ: ರಿಲೀವಿಂಗ್ ಲೆಟರ್ ಮತ್ತು ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್. ಎರಡನೆಯದರಲ್ಲಿ ಇಂಥವರು ಇಂಥ ದಿನದಿಂದ ಇಂಥ ದಿನದವರೆಗೆ ದುಡಿದರು, ನಡತೆ ಚೆನ್ನಾಗಿತ್ತು, ಶುಭವಾಗಲಿ ಎಂದಿರುತ್ತದೆ. ಪಕ್ಕದ ಹೋಟೆಲಿಗೆ ಸೇರಲು ಅಷ್ಟು ಸಾಕು. ಕೆನಡಾದಲ್ಲಿ ಕಾಯಂ ನೆಲೆಸಲು ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅರ್ಜಿ ಹಾಕುವವರಿಗೆ ಮಾತ್ರ ಅದರಿಂದ ಹೆಚ್ಚೇನೂ ಪ್ರಯೋಜನವಿಲ್ಲ.

ಅಲ್ಲಿನ ವಲಸೆ ಅಧಿಕಾರಿ ಅರ್ಜಿದಾರರ ಕೈರುಚಿ ನೋಡುವುದಿಲ್ಲ, ಕಾಗದವನ್ನಷ್ಟೇ ನೋಡುತ್ತಾರೆ. ಪತ್ರ ಹೋಟೆಲಿನ ಲೆಟರ್‌ಹೆಡ್‌ನಲ್ಲಿರಬೇಕು. ವಿಳಾಸ, ಫೋನ್, ಇಮೇಲ್ ಇರಬೇಕು. ನೇರ ಮೇಲಧಿಕಾರಿಯೋ ಎಚ್‌ಆರ್ ಅಧಿಕಾರಿಯೋ ಹೆಸರು, ಹುದ್ದೆ ಬರೆದು ಸಹಿ ಹಾಕಬೇಕು. ಯಾವ ಹುದ್ದೆಯಲ್ಲಿ ಎಂದಿನಿಂದ ಎಂದಿನವರೆಗೆ, ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ಸಂಬಳ ಮತ್ತು ಸವಲತ್ತು, ಏನೇನು ಕೆಲಸ ಎಂಬುದೆಲ್ಲ ಅದರಲ್ಲೇ ಬರಬೇಕು. "ಫುಲ್ ಟೈಮ್" ಎಂದು ಬರೆದು ಗಂಟೆ ನಮೂದಿಸದೆ ಬಿಡುವುದು ಎಷ್ಟೋ ಪತ್ರಗಳಲ್ಲಿ ಕಾಣುವ ಕೊರತೆ. ಒಂದು ವರ್ಷದ ಅನುಭವವೆಂದರೆ ಅಲ್ಲಿ 1,560 ಗಂಟೆ, ಅಂದರೆ ವಾರಕ್ಕೆ 30ರಂತೆ. ನಮ್ಮ ಕಿಚನ್‌ಗಳಲ್ಲಿ ಬ್ರೇಕ್ ಶಿಫ್ಟ್ ಮಾಡಿ 48 ಗಂಟೆ ದುಡಿದರೂ 30ಕ್ಕಿಂತ ಹೆಚ್ಚಿನದು ಲೆಕ್ಕಕ್ಕೆ ಬಾರದು. ಹಾಗೆಂದು 30 ಎಂದು ಬರೆಯಬಾರದು, ನಿಜವಾಗಿ ದುಡಿದಷ್ಟನ್ನೇ ಬರೆಯಬೇಕು.

ತೊಡಕು ಹೆಚ್ಚಾಗಿ ಹುಟ್ಟುವುದು ಕೆಲಸದ ವಿವರದಲ್ಲಿ. ಕೆನಡಾದ ಉದ್ಯೋಗ ಪಟ್ಟಿಯಲ್ಲಿ ಶೆಫ್‌ಗೆ 62200, ಕುಕ್‌ಗೆ 63200 ಎಂದು ಬೇರೆ ಬೇರೆ ಸಂಖ್ಯೆಗಳಿವೆ. ನಮ್ಮಲ್ಲಿ ಕಾಮಿ, ಡಿಸಿಡಿಪಿ, ಸಿಡಿಪಿ, ಸೂ ಶೆಫ್ ಎಂಬ ಮೆಟ್ಟಿಲುಗಳಿದ್ದರೂ ಮಾತಿನಲ್ಲಿ ಎಲ್ಲರೂ "ಶೆಫ್" ಅವರೇ. ಅಧಿಕಾರಿ ಹುದ್ದೆಯ ಹೆಸರಿಗಿಂತ ಮಾಡಿದ ಕೆಲಸ ಆ ಸಂಖ್ಯೆಯ ವಿವರಣೆಗೆ ಹೊಂದುತ್ತದೆಯೇ ಎಂದು ನೋಡುತ್ತಾರೆ. ತಾನೇ ಅಡುಗೆ ಮಾಡುವವರು, ಹೆಚ್ಚೆಂದರೆ ಕಿಚನ್ ಹೆಲ್ಪರ್‌ಗಳನ್ನು ನೋಡಿಕೊಳ್ಳುವವರು ಕುಕ್ ಕಡೆಗೆ ಬೀಳುತ್ತಾರೆ. ಅಡುಗೆಯವರಿಗೆ ಕೆಲಸ ಹಂಚಿ, ಕಲಿಸಿ, ಮೆನು ಯೋಜಿಸಿ, ಸಾಮಾನು ತರಿಸುವವರು ಶೆಫ್ ಕಡೆಗೆ.

ಕುಂದಾಪುರದಿಂದ ಬಂದು ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ದಕ್ಷಿಣ ಭಾರತದ ವಿಭಾಗದ ಸಿಡಿಪಿಯಾಗಿರುವ ಒಬ್ಬರು ಕೆಲಸ ಬಿಡುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಅವರ ಪತ್ರದಲ್ಲಿ "ಆಹಾರ ತಯಾರಿಕೆಯ ಮೇಲ್ವಿಚಾರಣೆ" ಎಂದು ಬರೆದರೆ ಅದು ಯಾರಿಗೂ ಹೊಂದುವ ಮಾತಾಯಿತು. ಬದಲು, "ಬೆಳಗಿನ ಬಫೆಯ ದೋಸೆ ಕೌಂಟರ್ ಹಾಗೂ ಮಧ್ಯಾಹ್ನದ ಕರಾವಳಿ ಊಟದ ಹೊಣೆ, ನಾಲ್ವರು ಕಾಮಿಗಳಿಗೆ ಕೆಲಸ ಹಂಚುವುದು, ಮಸಾಲೆ ಹದ ತೋರಿಸಿಕೊಡುವುದು, ಪ್ರತಿ ಸಂಜೆ ಮರುದಿನದ ಇಂಡೆಂಟ್ ಬರೆದು ಸ್ಟೋರ್‌ಗೆ ಕಳಿಸುವುದು, ಕೋಲ್ಡ್ ರೂಮ್ ತಾಪಮಾನದ ದಾಖಲೆ ನೋಡುವುದು" ಎಂದಿದ್ದರೆ ಓದಿದವರ ಕಣ್ಣಿಗೆ ಒಂದು ಕಿಚನ್ ಕಟ್ಟುತ್ತದೆ. ಸರ್ಕಾರಿ ಜಾಲತಾಣದ ವಾಕ್ಯಗಳನ್ನೇ ಯಥಾವತ್ ಇಳಿಸಿದ ಪತ್ರಗಳ ಮೇಲೆ ಅಧಿಕಾರಿಗಳಿಗೆ ಸಂಶಯ ಬರುತ್ತದೆ, ಬರಬೇಕಾದದ್ದೇ. ಅವರು ಮೊದಲು ಕಾಮಿಯಾಗಿದ್ದು ಬಡ್ತಿ ಪಡೆದಿದ್ದರೆ, ಎರಡೂ ಹುದ್ದೆಗಳ ತಾರೀಕು ಮತ್ತು ಕೆಲಸವನ್ನು ಬೇರೆ ಬೇರೆಯಾಗಿ ಕೊಡಬೇಕು. ಇಡೀ ಅವಧಿಗೆ ಕೊನೆಯ ಹುದ್ದೆಯನ್ನೇ ಹಚ್ಚಿದರೆ ಹಳೆಯ ಸ್ಯಾಲರಿ ಸ್ಲಿಪ್ ಬೇರೆ ಕಥೆ ಹೇಳುತ್ತದೆ.

ಹೊಂದಾಣಿಕೆ ತಪ್ಪುವ ಇನ್ನೊಂದು ಜಾಗ ಹೆಸರು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ತಂದೆಯ ಹೆಸರೋ ಊರಿನ ಹೆಸರೋ ಪೂರ್ತಿ ಇರುತ್ತದೆ, ಹೋಟೆಲಿನ ದಾಖಲೆಯಲ್ಲಿ ಒಂದೇ ಅಕ್ಷರ. ಪತ್ರದಲ್ಲಿ ಪಾಸ್‌ಪೋರ್ಟಿನಂತೆಯೇ ಬರೆಸಿಕೊಳ್ಳುವುದು ಕ್ಷೇಮ. ಸಂಬಳದ ಅಂಕಿ ಫಾರ್ಮ್ 16ಕ್ಕೆ, ಸೇರಿದ ತಾರೀಕು ಪಿಎಫ್ ದಾಖಲೆಗೆ ತಾಳೆಯಾಗಬೇಕು.

ಎಷ್ಟೋ ಕಡೆ ಕರಡು ಬರೆಯುವವರು ಅರ್ಜಿದಾರರೇ. ಎಚ್‌ಆರ್ ಅದನ್ನು ಲೆಟರ್‌ಹೆಡ್ಡಿಗೆ ಇಳಿಸುತ್ತದೆ. ಬರೆದದ್ದು ನಿಜವಾಗಿದ್ದರೆ ಇದರಲ್ಲಿ ತಪ್ಪೇನಿಲ್ಲ. ಆದರೆ ಸಹಿ ಹಾಕಿದವರು ಅದನ್ನು ಓದಿರಬೇಕು, ಏಕೆಂದರೆ ಪರಿಶೀಲನೆಯ ಕರೆ ಬಂದರೆ ಉತ್ತರಿಸಬೇಕಾದವರು ಅವರೇ. ಮಾಡದ ಕೆಲಸ ಸೇರಿಸಿ ಸಿಕ್ಕಿಬಿದ್ದರೆ ಅದು ಸುಳ್ಳು ಮಾಹಿತಿ ಎನಿಸಿಕೊಂಡು ಐದು ವರ್ಷ ಕೆನಡಾ ಬಾಗಿಲು ಮುಚ್ಚಬಹುದು.

ಇಷ್ಟು ವಿವರ ಕೊಡುವುದು ನಮ್ಮ ಪಾಲಿಸಿಯಲ್ಲಿಲ್ಲ ಎನ್ನುವ ಹೋಟೆಲುಗಳೂ ಇವೆ. ಆಗ ಎಕ್ಸಿಕ್ಯುಟಿವ್ ಶೆಫ್ ಸ್ವಂತ ಹೆಸರಿನಲ್ಲಿ ಬರೆದ ಪತ್ರ ಅಥವಾ ನೋಟರಿ ಮುಂದೆ ಮಾಡಿಸಿದ ಅಫಿಡವಿಟ್, ಜತೆಗೆ ಅಪಾಯಿಂಟ್‌ಮೆಂಟ್ ಆರ್ಡರ್, ಸ್ಯಾಲರಿ ಸ್ಲಿಪ್, ಮಾಮೂಲಿ ಪತ್ರ ಏಕೆ ಸಿಗಲಿಲ್ಲ ಎಂಬ ವಿವರಣೆ ಲಗತ್ತಿಸಬಹುದು. ಒಪ್ಪುವುದು ಬಿಡುವುದು ಅಧಿಕಾರಿಗೆ ಬಿಟ್ಟದ್ದು. ಹಾಗಾಗಿ ನೋಟಿಸ್ ಅವಧಿಯಲ್ಲೇ, ನೋ ಡ್ಯೂಸ್ ಫಾರಂ ಹಿಡಿದು ಓಡಾಡುವಾಗಲೇ ಪತ್ರ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಹೋಟೆಲಿನಲ್ಲಿ ಜನ ಬದಲಾಗುವ ವೇಗಕ್ಕೆ, ವರ್ಷ ಬಿಟ್ಟು ಹೋದರೆ ಸಹಿ ಹಾಕಬೇಕಾದ ಶೆಫ್ ತಾನೇ ದುಬೈ ಸೇರಿರಬಹುದು.