ನಿಮಗಿದು ಗೊತ್ತೇ? ಶಿಶು ಮರಣ ದರ ಹುಟ್ಟುವುದು ಹೀಗೆ

ಕರ್ನಾಟಕದ 2020ರ ಅಂಕಿಗಳು ಇವು: ಜನನ ದರ 16.5, ಮರಣ ದರ 6.2, ಶಿಶು ಮರಣ ದರ 19. ಮೂರೂ 'ಸಾವಿರಕ್ಕೆ ಇಷ್ಟು' ಎನ್ನುವ ಲೆಕ್ಕವೇ. ಆದರೆ ಸಾವಿರ ಒಂದೇ ಅಲ್ಲ. ಮೊದಲೆರಡು ಸಾವಿರ ಜನರಿಗೆ. ಮೂರನೆಯದು ಆ ವರ್ಷ ಜೀವಂತವಾಗಿ ಹುಟ್ಟಿದ ಸಾವಿರ ಮಕ್ಕಳಿಗೆ. ವರ್ಷ ತುಂಬುವ ಮೊದಲೇ ತೀರಿಕೊಂಡವರಷ್ಟೇ ಅದರಲ್ಲಿ ಸೇರುತ್ತಾರೆ.

ಅದೇ ವರ್ಷ ಕೇರಳದ ಮರಣ ದರ 7.0, ಬಿಹಾರದ್ದು 5.4. ಹಾಗಂತ ಬಿಹಾರದಲ್ಲಿ ಆರೋಗ್ಯ ಹೆಚ್ಚು ಚೆನ್ನಾಗಿದೆ ಎನ್ನಬೇಡಿ. ಕೇರಳದಲ್ಲಿ ವಯಸ್ಸಾದವರು ಹೆಚ್ಚು, ಬಿಹಾರದಲ್ಲಿ ಎಳೆಯರು ಹೆಚ್ಚು, ಅಷ್ಟೇ. ಶಿಶು ಮರಣ ದರ ನೋಡಿದರೆ ಚಿತ್ರ ತಿರುವುಮುರುವು: ಕೇರಳ 6, ಬಿಹಾರ 27.

ಈ ಅಂಕಿಗಳು ಪಂಚಾಯಿತಿಯ ಜನನ-ಮರಣ ನೋಂದಣಿ ಪುಸ್ತಕದಿಂದ ಬಂದವಲ್ಲ. ಇವನ್ನು ಕೊಡುವುದು ಭಾರತದ ಮಹಾ ನೋಂದಣಾಧಿಕಾರಿ ಕಚೇರಿಯ ಮಾದರಿ ನೋಂದಣಿ ವ್ಯವಸ್ಥೆ, ಅಂದರೆ ಎಸ್‌ಆರ್‌ಎಸ್. 1964-65ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿ, 1969-70ರಿಂದ ಪೂರ್ಣ ಪ್ರಮಾಣದಲ್ಲಿ ನಡೆಯುತ್ತಿದೆ. ದೇಶದಲ್ಲಿ ಆರಿಸಿಕೊಂಡ ಸುಮಾರು 8,800 ಹಳ್ಳಿ ಮತ್ತು ನಗರದ ಬ್ಲಾಕ್‌ಗಳಲ್ಲಿ ಸುಮಾರು 80 ಲಕ್ಷ ಜನರ ಮೇಲೆ ಕಣ್ಣಿಟ್ಟು, ಅದರಿಂದ ಇಡೀ ದೇಶದ, ಒಂದೊಂದು ರಾಜ್ಯದ ದರ ಅಂದಾಜು ಮಾಡುತ್ತಾರೆ.

ಪ್ರತಿ ಹುಟ್ಟು-ಸಾವನ್ನೂ ಇಲ್ಲಿ ಇಬ್ಬರು ಬೇರೆ ಬೇರೆಯಾಗಿ ಬರೆಯುತ್ತಾರೆ. ಊರಿನಲ್ಲೇ ಇರುವ ಅರೆಕಾಲಿಕ ಗಣತಿದಾರರು, ಹೆಚ್ಚಾಗಿ ಅಂಗನವಾಡಿ ಕಾರ್ಯಕರ್ತೆ ಅಥವಾ ಶಿಕ್ಷಕರು, ಆಗಿಂದಾಗ್ಗೆ ಬರೆದುಕೊಳ್ಳುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಬಂದು, ಆ ಪುಸ್ತಕ ನೋಡದೆ, ಮನೆ ಮನೆಯಲ್ಲಿ ಕಳೆದ ಆರು ತಿಂಗಳ ವಿಷಯ ಕೇಳುತ್ತಾರೆ. ಆಮೇಲೆ ಎರಡು ಪಟ್ಟಿಗಳನ್ನು ಹೆಸರು ಹೆಸರಾಗಿ ತಾಳೆ ನೋಡುತ್ತಾರೆ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದು ಸಿಕ್ಕರೆ ಮತ್ತೆ ಅದೇ ಮನೆಗೆ ಹೋಗಿ ವಿಚಾರಿಸಿಯೇ ತೀರ್ಮಾನ.

ಇಬ್ಬರ ಕಣ್ಣಿಗೂ ಬೀಳದೆ ಹೋಗುವುದು ಯಾವುದು? ಹುಟ್ಟಿ ಎರಡು ಮೂರು ದಿನಕ್ಕೇ ತೀರಿಹೋದ ಮಗು. ಹೆಸರಿಟ್ಟಿರುವುದಿಲ್ಲ, ಮನೆಯವರಿಗೆ ಆ ಮಾತೆತ್ತಲು ಮನಸ್ಸಿರುವುದಿಲ್ಲ. ಹುಟ್ಟು, ಸಾವು ಎರಡೂ ಒಟ್ಟಿಗೇ ಲೆಕ್ಕದಿಂದ ಜಾರಿಬಿಡುತ್ತವೆ. ಅದಕ್ಕೇ ಗರ್ಭಿಣಿಯರ ಪಟ್ಟಿಯನ್ನೂ ಇಡುತ್ತಾರೆ: ಹೋದ ಸಲ ಬಂದಾಗ ಆರು ತಿಂಗಳ ಬಸುರಿಯಾಗಿದ್ದವರ ಮಡಿಲಲ್ಲಿ ಈ ಸಲ ಕೂಸಿಲ್ಲ ಎಂದರೆ ಕೇಳದೆ ಬಿಡುವಂತಿಲ್ಲ. ಸತ್ತೇ ಹುಟ್ಟಿತೋ, ಹುಟ್ಟಿ ಸತ್ತಿತೋ ಎನ್ನುವುದನ್ನೂ ತಿಳಿಯಬೇಕು. ಮೊದಲನೆಯದು ಶಿಶು ಮರಣದ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಅತಿ ಕಷ್ಟದ ಪ್ರಶ್ನೆ ಇದೇ.

ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳ ಮಗು ಯಾವ ಊರಿಗೆ ಸೇರುತ್ತದೆ? ನೋಂದಣಿ ಕಾಯ್ದೆಯ ಪ್ರಕಾರ ಹುಟ್ಟಿದ ಊರಿನ ಪುಸ್ತಕಕ್ಕೆ. ಎಸ್‌ಆರ್‌ಎಸ್‌ನಲ್ಲಿ ಮಾತ್ರ ತಾಯಿ ಸಾಮಾನ್ಯವಾಗಿ ವಾಸಿಸುವ ಊರಿಗೆ. ಗಂಡನ ಮನೆ ಮಾದರಿಯಲ್ಲಿದ್ದರೆ ಅಲ್ಲಿ ಎಣಿಕೆ. ತವರು ಮಾತ್ರ ಮಾದರಿಯಲ್ಲಿದ್ದರೆ ಆಕೆ ನೆಂಟಳು, ದರಕ್ಕೆ ಸೇರುವುದಿಲ್ಲ.

ಕರ್ನಾಟಕದ ಶಿಶು ಮರಣ ದರ 2019ರಲ್ಲಿ 21, 2020ರಲ್ಲಿ 19. ಇಳಿಯಿತು ಎಂದು ಹೇಳಿಬಿಡಬಹುದೇ? ಅಂದಾಜಿಗೆ ಒಂದು ರಾಜ್ಯದ ಮಾದರಿಯಲ್ಲಿ 3 ಲಕ್ಷ ಜನರಿದ್ದಾರೆ ಎಂದಿಟ್ಟುಕೊಳ್ಳಿ. ಜನನ ದರ 16.5 ಆದರೆ ವರ್ಷಕ್ಕೆ 4,950 ಹುಟ್ಟು. ಸಾವಿರಕ್ಕೆ 19ರಂತೆ ಶಿಶು ಮರಣ ಕೇವಲ 94. ಇಂಥ ಎಣಿಕೆ ಆಕಸ್ಮಿಕವಾಗಿ ಏರಿಳಿಯುವ ಅಳತೆ ಸುಮಾರು ಅದರ ವರ್ಗಮೂಲ, ಅಂದರೆ 10. ಅದರ ಎರಡು ಪಟ್ಟು ಆಚೀಚೆ ಹಿಡಿದರೆ 74ರಿಂದ 114. ದರದಲ್ಲಿ ಹೇಳುವುದಾದರೆ 15ರಿಂದ 23! ಮಾದರಿಯು ಗುಂಪು ಗುಂಪಾದ ಮನೆಗಳಿಂದ ಬರುವುದರಿಂದ ನಿಜವಾದ ಅಂತರ ಇನ್ನೂ ಸ್ವಲ್ಪ ಹಿಗ್ಗಬಹುದು. ಹಾಗಾಗಿ ಒಂದೇ ವರ್ಷದಲ್ಲಿ ದರ ಎರಡರಷ್ಟು ಇಳಿದದ್ದನ್ನು ಸಾಧನೆಯೆಂದು ಭಾಷಣದಲ್ಲಿ ಹೇಳುವವರನ್ನು ನಂಬುವ ಮುನ್ನ ಯೋಚಿಸಿ. 2011ರಲ್ಲಿದ್ದ 35ರಿಂದ 19ಕ್ಕೆ ಬಂದದ್ದು ಬೇರೆ ಮಾತು. ಅಷ್ಟು ದೊಡ್ಡ ಇಳಿಕೆ ಆಕಸ್ಮಿಕವಾಗಿರಲಾರದು.

ಎಸ್‌ಆರ್‌ಎಸ್ ಜಿಲ್ಲಾವಾರು ಶಿಶು ಮರಣ ದರ ಕೊಡದಿರುವುದೂ ಇದೇ ಕಾರಣಕ್ಕೆ. ಆ 94 ಸಾವುಗಳನ್ನು ಕರ್ನಾಟಕದ 31 ಜಿಲ್ಲೆಗೆ ಹಂಚಿದರೆ ಜಿಲ್ಲೆಗೆ ಮೂರು. ಮುಂದಿನ ವರ್ಷ ಒಂದು ಹೆಚ್ಚಾದರೂ ದರ ಮೂರನೇ ಒಂದು ಪಾಲು ಏರಿದಂತೆ ಕಾಣುತ್ತದೆ. ಸಣ್ಣ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಶಿಶು ಮರಣ ದರವನ್ನು ಒಂದೇ ವರ್ಷದ ಎಣಿಕೆಯಿಂದ ಹೇಳದೆ, ಮೂರು ವರ್ಷಗಳದ್ದನ್ನು ಸೇರಿಸಿ ಹೇಳುತ್ತಾರೆ.